ಫ್ರಿಜ್ ಬಾಗಿಲ ಮೇಲಿನ ಒಂದು ಹಾಳೆ: ತುರ್ತು ಆರೋಗ್ಯ ಕಾರ್ಡಿನ ಪ್ರಕರಣ ಅಧ್ಯಯನ

ಸಾಗರ ಪೇಟೆಯ ಅಂಚಿನ ಮನೆಯೊಂದರಲ್ಲಿ 78 ವರ್ಷದ ಅಜ್ಜಿ, 84 ವರ್ಷದ ಅಜ್ಜ ಇಬ್ಬರೇ ಇದ್ದಾರೆ. ಅಜ್ಜನಿಗೆ ಕಿವಿ ಮಂದ. ಮಗಳು ಇರುವುದು ಸುಮಾರು 70 ಕಿಲೋಮೀಟರ್ ಆಚೆ ಶಿವಮೊಗ್ಗದಲ್ಲಿ, ಮಗ ಬೆಂಗಳೂರಿನಲ್ಲಿ. ಅಜ್ಜಿಗೆ ಸಕ್ಕರೆ ಕಾಯಿಲೆ ಮತ್ತು ಬಿಪಿ ಇವೆ, ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದೆ. ಹೃದಯದ ಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇದೆ, ಅದರಿಂದಾಗಿಯೇ 2021ರಲ್ಲಿ ಸಣ್ಣದೊಂದು ಸ್ಟ್ರೋಕ್ ಆಗಿತ್ತು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿನೊಕೌಮರಾಲ್ ಮಾತ್ರೆ ನಡೆಯುತ್ತಿದೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಎಸಿಟ್ರಾಮ್ ಎಂದು ಕೇಳಿ ಪಡೆಯುವುದು ಇದನ್ನೇ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಇಂಥ ಹಲವು ಮನೆಗಳಲ್ಲಿ ಕಾಣುವುದನ್ನು ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಔಷಧಗಳು, ಅವುಗಳ ಪ್ರಮಾಣ, ಅವು ಒಂದರೊಡನೊಂದು ವರ್ತಿಸುವ ರೀತಿ ಮಾತ್ರ ವೈದ್ಯಶಾಸ್ತ್ರದಲ್ಲಿ ಇರುವ ಹಾಗೆಯೇ ಇಲ್ಲಿವೆ.

ಮೊದಲ ಕಾರ್ಡು

ಮಗ ಒಂದು ದೀಪಾವಳಿಗೆ ಬಂದಾಗ ಕೂತು ಅಮ್ಮನ ತುರ್ತು ಆರೋಗ್ಯ ಕಾರ್ಡು ಮಾಡಿದ್ದ. ಅಕ್ಕರೆಯಿಂದ ಮಾಡಿದ್ದು, ಒಂದನ್ನೂ ಬಿಟ್ಟಿರಲಿಲ್ಲ. ಎ4 ಹಾಳೆಯ ಎರಡೂ ಬದಿಗೆ ಸಣ್ಣಕ್ಷರದಲ್ಲಿ ಟೈಪು ಮಾಡಿಸಿ ಲ್ಯಾಮಿನೇಶನ್ ಮಾಡಿಸಿದ್ದ. ಶುರುವಾಗುತ್ತಿದ್ದುದು 1989ರ ಗರ್ಭಕೋಶದ ಆಪರೇಶನ್ನಿನಿಂದ. ಆಮೇಲೆ ವರ್ಷದ ಕ್ರಮದಲ್ಲಿ ಟೈಫಾಯ್ಡ್, ಕಣ್ಣಿನ ಪೊರೆ, ಮಂಡಿನೋವು, ಸ್ಟ್ರೋಕ್. ಮಾತ್ರೆಗಳ ಪಟ್ಟಿ ಬರುವ ಹೊತ್ತಿಗೆ ಮೊದಲ ಬದಿ ಮುಗಿದಿತ್ತು. ಅಲರ್ಜಿ ಇದ್ದದ್ದು ಹಿಂಬದಿಯ ಕೊನೆಗೆ, ಒಂದೇ ಸಾಲಿನಲ್ಲಿ: ‘ಪೆನಿಸಿಲಿನ್, ಸಲ್ಫಾ, ಡೈಕ್ಲೊಫೆನಾಕ್, ಬದನೆಕಾಯಿ.’

ಮನೆಯವರಿಗೆ ಕಾಯಿಲೆಯ ಕಥೆ ನೆನಪಿರುವುದು ನಡೆದ ಕ್ರಮದಲ್ಲಿ. ಆಂಬುಲೆನ್ಸಿನವರಿಗೂ ಕ್ಯಾಶುವಾಲಿಟಿಯ ವೈದ್ಯರಿಗೂ ಮೊದಲ ಹತ್ತು ನಿಮಿಷದಲ್ಲಿ ಬೇಕಾದದ್ದು ಬೇರೆ. ಏನು ಕೊಟ್ಟರೆ ಅಪಾಯ? ರಕ್ತ ಹೆಪ್ಪುಗಟ್ಟದ ಮಾತ್ರೆ ನಡೆಯುತ್ತಿದೆಯೇ? ಸಕ್ಕರೆ ಇಳಿಸುವ ಮಾತ್ರೆ ಇದೆಯೇ? ಈಗ ಕಾಣುತ್ತಿರುವ ಸ್ಥಿತಿ ಹೊಸದೋ ಹಳೆಯದೋ? ಯಾರಿಗೆ ಫೋನು ಮಾಡಬೇಕು? ಒಂದು ಸಾಲು ಕಾರ್ಡಿನಲ್ಲಿ ಇರಬೇಕೋ ಬೇಡವೋ ಎಂಬುದಕ್ಕೆ ಇದೇ ಒರೆಗಲ್ಲು: ಅದನ್ನು ಓದಿದ ವೈದ್ಯರು ಮುಂದಿನ ಒಂದು ಗಂಟೆಯಲ್ಲಿ ಮಾಡುವ ಕೆಲಸ ಬದಲಾಗುತ್ತದೆಯೇ? ಟೈಫಾಯ್ಡಿನ ಸಾಲಿನಿಂದ ಏನೂ ಬದಲಾಗುವುದಿಲ್ಲ. ಎಸಿಟ್ರಾಮಿನ ಸಾಲಿನಿಂದ ಎಲ್ಲವೂ ಬದಲಾಗುತ್ತದೆ.

ರಕ್ತದ ಗುಂಪು ಈ ಒರೆಗಲ್ಲಿನಲ್ಲಿ ಸೋಲುತ್ತದೆ ಎಂದರೆ ಹಲವರಿಗೆ ಆಶ್ಚರ್ಯ. ಕಾರ್ಡಿನಲ್ಲಿ ಏನೇ ಬರೆದಿದ್ದರೂ ಆಸ್ಪತ್ರೆ ಅದನ್ನು ನಂಬಿ ರಕ್ತ ಕೊಡುವುದಿಲ್ಲ. ಗುಂಪನ್ನು ಮತ್ತೆ ಪರೀಕ್ಷಿಸಿ, ಹೊಂದಾಣಿಕೆ ನೋಡಿಯೇ ಕೊಡುತ್ತದೆ. ಮೂಲೆಯಲ್ಲಿ ಬರೆದರೆ ತೊಂದರೆಯಿಲ್ಲ, ದೊಡ್ಡಕ್ಷರದಲ್ಲಿ ಮೇಲೆ ಕೂರಿಸುವ ಅಗತ್ಯವೂ ಇಲ್ಲ.

ಅಲರ್ಜಿಯ ಸಾಲನ್ನು ಬಿಡಿಸಿದ್ದು

ಮಗಳು ಕಾರ್ಡನ್ನು ಹೊಸದಾಗಿ ಬರೆಯಲು ಕೂತಾಗ ಹೆಚ್ಚು ಹೊತ್ತು ಹಿಡಿದದ್ದು ಆ ಒಂದು ಸಾಲು. ನಮ್ಮಲ್ಲಿ ‘ಆಗಿಬರಲ್ಲ’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಹೋಗುತ್ತವೆ: ನಿಜವಾದ ಅಲರ್ಜಿ, ಔಷಧದ ಮಾಮೂಲಿ ಅಡ್ಡಪರಿಣಾಮ, ಬೇರೆ ಕಾರಣಕ್ಕೆ ಕೊಡಬಾರದ ಔಷಧ, ಮತ್ತು ಉಷ್ಣ, ನಂಜು ಎಂದು ಬಿಡುವ ಆಹಾರ. ಪ್ರತಿ ಹೆಸರಿಗೂ ಮಗಳು ಅಮ್ಮನನ್ನು ಮೂರು ಪ್ರಶ್ನೆ ಕೇಳಿದಳು. ಯಾವ ಔಷಧ? ತೆಗೆದುಕೊಂಡ ಎಷ್ಟು ಹೊತ್ತಿಗೆ ಏನಾಯಿತು? ಆಸ್ಪತ್ರೆಗೆ ಸೇರಿಸಬೇಕಾಯಿತೇ?

ಪೆನಿಸಿಲಿನ್ ಜಾತಿಯ ಮಾತ್ರೆ ತಿಂದಾಗ ಎರಡು ದಿನ ಭೇದಿಯಾಗಿತ್ತು, ಅಷ್ಟೇ. ಅದು ಅಡ್ಡಪರಿಣಾಮ. ಅದನ್ನು ಅಲರ್ಜಿ ಎಂದು ಬರೆದಿಟ್ಟರೆ ಮುಂದೆ ನ್ಯುಮೋನಿಯಾ ಆದಾಗ ಒಳ್ಳೆಯ, ಅಗ್ಗದ ಆ್ಯಂಟಿಬಯಾಟಿಕ್ ಒಂದನ್ನು ಸುಮ್ಮನೆ ಕೈಬಿಟ್ಟು ಮತ್ತೊಂದಕ್ಕೆ ಹೋಗಬೇಕಾಗುತ್ತದೆ. ಹಾಗೆಂದು ಮನೆಯವರೇ ಅದನ್ನು ಅಳಿಸುವಂತಿಲ್ಲ. ಕುಟುಂಬದ ವೈದ್ಯರಿಗೆ ವಿವರ ಹೇಳಿ, ಅವರು ಒಪ್ಪಿದ ಮೇಲೆ ಕಾರ್ಡಿನಿಂದ ತೆಗೆದದ್ದು.

ಸಲ್ಫಾದ್ದು ಬೇರೆಯೇ ಆಗಿತ್ತು. 2012ರಲ್ಲಿ ಮೂತ್ರದ ಸೋಂಕಿಗೆ ಮಾತ್ರೆ ಶುರುಮಾಡಿದ ಎಂಟನೇ ದಿನಕ್ಕೆ ಮೈತುಂಬ ದದ್ದು, ಬಾಯೊಳಗೆ ಹುಣ್ಣು, ಆರು ದಿನ ಆಸ್ಪತ್ರೆ. ಹಳೆಯ ಡಿಸ್ಚಾರ್ಜ್ ಸಮರಿಯಲ್ಲಿ ಔಷಧದ ಹೆಸರು ಸಿಕ್ಕಿತು: ಕೋಟ್ರೈಮಾಕ್ಸಜೋಲ್. ಬಾಯಿಯ ಹುಣ್ಣಿನೊಡನೆ ಬರುವ ದದ್ದು ಚರ್ಮದ ಅತಿ ಗಂಭೀರ ಪ್ರತಿಕ್ರಿಯೆಯ ಸೂಚನೆ. ಆ ಔಷಧ ಮತ್ತೆ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯವಾಗಬಹುದು. ಕಾರ್ಡಿನಲ್ಲಿ ಬರೀ ‘ಸಲ್ಫಾ’ ಎಂದಿದ್ದರೆ ಇನ್ನೊಂದು ತೊಡಕೂ ಇದೆ. ಸಕ್ಕರೆಯ ಗ್ಲಿಮೆಪಿರೈಡ್, ಮೂತ್ರ ಹೆಚ್ಚಿಸುವ ಫ್ಯುರೋಸಮೈಡ್ ಮುಂತಾದವುಗಳ ರಾಸಾಯನಿಕ ರಚನೆಯಲ್ಲೂ ಸಲ್ಫಾದ ಭಾಗವಿದೆ. ಅವನ್ನು ಅಜ್ಜಿ ತೆಗೆದುಕೊಳ್ಳಬಹುದೇ ಎಂಬ ಅನುಮಾನ ಹೊಸ ವೈದ್ಯರಿಗೆ ಬರುತ್ತದೆ. ಔಷಧದ ಪೂರ್ತಿ ಹೆಸರು, ವರ್ಷ, ಆದ ಪ್ರತಿಕ್ರಿಯೆ ಮೂರನ್ನೂ ಬರೆದರೆ ಅನುಮಾನಕ್ಕೆ ಎಡೆಯಿಲ್ಲ.

ಡೈಕ್ಲೊಫೆನಾಕ್ ಅಲರ್ಜಿಯೇ ಅಲ್ಲ. ಅದು ಎಸಿಟ್ರಾಮಿನ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಅಪಾಯ ಹೆಚ್ಚು, ದುರ್ಬಲ ಮೂತ್ರಪಿಂಡಕ್ಕೂ ಪೆಟ್ಟು. ಬಿದ್ದು ನೋವೆಂದು ಬಂದವರಿಗೆ ನಮ್ಮ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಹಾಕುವ ಇಂಜೆಕ್ಷನ್ ಇದು. ಹಾಗಾಗಿ ಹೆಸರು ಕಾರ್ಡಿನಲ್ಲಿ ಇರಲೇಬೇಕು, ಆದರೆ ‘ಕೊಡಬಾರದು’ ಎಂಬ ಬೇರೆ ಸಾಲಿನಲ್ಲಿ, ಕಾರಣದ ಸಮೇತ. ಕಾರಣ ಬರೆದರೆ ವೈದ್ಯರು ಅದೇ ಜಾತಿಯ ಐಬುಪ್ರೊಫೆನ್, ಅಸಿಕ್ಲೊಫೆನಾಕ್‌ಗಳನ್ನೂ ತಾವಾಗಿ ದೂರ ಇಡುತ್ತಾರೆ. ಅಲರ್ಜಿ ಎಂದಷ್ಟೇ ಬರೆದಿದ್ದರೆ ಇದೊಂದನ್ನು ಬಿಟ್ಟು ಅದರ ತಮ್ಮನನ್ನು ಕೊಡುವ ಸಾಧ್ಯತೆ ಇರುತ್ತದೆ.

ಬದನೆಕಾಯಿಯಿಂದ ಕಾಲಿನ ಗಾಯ ನಂಜಾಗುತ್ತದೆ ಎಂಬುದು ಅಜ್ಜಿಯ ನಂಬಿಕೆ. ಅದನ್ನು ಅಡುಗೆಮನೆಯ ಮಟ್ಟಿಗೆ ಉಳಿಸಿಕೊಂಡು ಕಾರ್ಡಿನಿಂದ ಬಿಟ್ಟರು.

ಯಾವ ಅಲರ್ಜಿಯೂ ಇಲ್ಲದವರ ಕಾರ್ಡಿನಲ್ಲಿ ಈ ಜಾಗವನ್ನು ಖಾಲಿ ಬಿಡಬಾರದು. ಖಾಲಿ ಜಾಗ ನೋಡಿದವರಿಗೆ ಕೇಳಿಲ್ಲವೋ, ಮರೆತರೋ ತಿಳಿಯುವುದಿಲ್ಲ. ‘ಗೊತ್ತಿರುವ ಔಷಧ ಅಲರ್ಜಿ ಇಲ್ಲ’ ಎಂದೇ ಬರೆಯಬೇಕು.

ಮಾತ್ರೆಗಳು

ಪಟ್ಟಿಯನ್ನು ವೈದ್ಯರ ಚೀಟಿ ನೋಡಿ ಬರೆಯಲಿಲ್ಲ. ಮನೆಯಲ್ಲಿದ್ದ ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳನ್ನೂ ಊಟದ ಮೇಜಿನ ಮೇಲೆ ಸುರಿದು, ‘ಅಮ್ಮ, ಇದನ್ನ ದಿನಾ ತಗೋತೀಯಾ?’ ಎಂದು ಒಂದೊಂದಾಗಿ ಕೇಳಿ ಬರೆದರು. ಚೀಟಿಯಲ್ಲಿದ್ದ ಒಂದು ಮಾತ್ರೆಯನ್ನು ಅಜ್ಜಿ ಉಷ್ಣವೆಂದು ಬಿಟ್ಟು ಎರಡು ತಿಂಗಳಾಗಿತ್ತು. ಚೀಟಿಯಲ್ಲಿ ಇಲ್ಲದ ನೋವಿನ ಮಾತ್ರೆಯೊಂದು ದಿಂಬಿನಡಿ ಇತ್ತು. ಕಾರ್ಡಿನಲ್ಲಿ ಇರಬೇಕಾದದ್ದು ನಿಜವಾಗಿ ಹೊಟ್ಟೆಗೆ ಹೋಗುತ್ತಿರುವುದರ ಪಟ್ಟಿ. ದಿಂಬಿನಡಿಯ ಮಾತ್ರೆಯನ್ನು ವೈದ್ಯರಿಗೆ ತೋರಿಸಿ ನಿಲ್ಲಿಸಿದರು.

ಬ್ರ್ಯಾಂಡಿನ ಹೆಸರಿನ ಜೊತೆ ಒಳಗಿರುವ ಔಷಧದ ಹೆಸರನ್ನೂ ಬರೆಯಬೇಕು. ಬಿಪಿಯ ಎರಡು ಮಾತ್ರೆಗಳ ಹೆಸರು ಒಂದೇ ಇದ್ದು, ಕೊನೆಗೆ ಎಎಂ ಎಂದಿದ್ದರೆ ಟೆಲ್ಮಿಸಾರ್ಟನ್ ಜೊತೆ ಅಮ್ಲೋಡಿಪಿನ್, ಎಚ್ ಎಂದಿದ್ದರೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಇರುತ್ತದೆ. ಒಂದಕ್ಷರ ಬಿಟ್ಟುಹೋದರೆ ಮಾತ್ರೆಯೇ ಬೇರೆ. ಹೊತ್ತನ್ನು ನಮ್ಮ ಎಲ್ಲ ಆಸ್ಪತ್ರೆಗಳಿಗೂ ಗೊತ್ತಿರುವ 1-0-1 ರೀತಿಯಲ್ಲಿ, ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ ಎಂಬ ಕ್ರಮದಲ್ಲಿ ಬರೆದರು. ಪ್ರಮಾಣ ಬರೆಯುವಾಗ 2.0 ಎಂದು ಬರೆಯಬಾರದು. ಚುಕ್ಕಿ ಮಸುಕಾದರೆ ಅದು 20 ಆಗುತ್ತದೆ. ಹಾಗೆಯೇ .5 ಎಂಬುದನ್ನು 0.5 ಎಂದೇ ಬರೆಯಬೇಕು. ಅಜ್ಜಿಗೆ ಇನ್ಸುಲಿನ್ ಇಲ್ಲ, ಇದ್ದಿದ್ದರೆ ಅದು ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲಿಯೋ 100 ಯೂನಿಟ್ಟಿನ ಪೆನ್ನೋ ಎಂಬುದನ್ನೂ ಬರೆಯಬೇಕಿತ್ತು. ಎರಡೂ ನಮ್ಮ ಅಂಗಡಿಗಳಲ್ಲಿ ಸಿಗುತ್ತವೆ.

ಔಷಧಗಳ ಹೆಸರನ್ನು ಕಾರ್ಡಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದರು, ಉಳಿದದ್ದನ್ನು ಕನ್ನಡದಲ್ಲಿ. ಕ್ಯಾಶುವಾಲಿಟಿಯಲ್ಲಿ ಆ ಹೊತ್ತಿಗೆ ಇರುವ ನರ್ಸ್ ಅಥವಾ ವೈದ್ಯರಿಗೆ ಕನ್ನಡ ಓದಲು ಬಾರದೇ ಇರಬಹುದು. ಪಕ್ಕದ ಮನೆಯವರಿಗೆ ಓದಬೇಕಾದ ಸಾಲುಗಳು ಕನ್ನಡದಲ್ಲೇ ಇರಬೇಕು.

ಎರಡನೇ ಕಾರ್ಡು ಹೀಗಿತ್ತು. ಹಾಳೆಯ ಒಂದೇ ಬದಿ, 14 ಪಾಯಿಂಟ್ ಅಕ್ಷರ. ಮೇಲೆ ಹೆಸರು, ಹುಟ್ಟಿದ ವರ್ಷ, ಮನೆಯ ಗುರುತು. ಅದರಲ್ಲಿ ಬರುವ ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ, ಅದು ಏರಿದಷ್ಟೂ ರಕ್ತಸ್ರಾವದ ಅಪಾಯ ಹೆಚ್ಚು. ಕ್ರಿಯಾಟಿನಿನ್ ಮೂತ್ರಪಿಂಡದ ರಕ್ತಪರೀಕ್ಷೆ, ಮೂತ್ರಪಿಂಡ ಕುಗ್ಗಿದಷ್ಟೂ ಅದರ ಅಂಕಿ ಏರುತ್ತದೆ.

ರಕ್ತ ಹೆಪ್ಪುಗಟ್ಟದ ಮಾತ್ರೆ ನಡೆಯುತ್ತಿದೆ: ಅಸಿನೊಕೌಮರಾಲ್ (ಎಸಿಟ್ರಾಮ್) 2 ಮಿ.ಗ್ರಾಂ, ರಾತ್ರಿ 8ಕ್ಕೆ. ಐಎನ್‌ಆರ್ ಗುರಿ 2ರಿಂದ 3. ಕೊನೆಯ ಐಎನ್‌ಆರ್ 2.4, ಫೆಬ್ರುವರಿ 8.
ಗಂಭೀರ ಅಲರ್ಜಿ: ಕೋಟ್ರೈಮಾಕ್ಸಜೋಲ್. 2012ರಲ್ಲಿ ಮೈತುಂಬ ದದ್ದು, ಬಾಯಿ ಹುಣ್ಣು, ಆಸ್ಪತ್ರೆ ವಾಸ.
ಕೊಡಬಾರದು: ಡೈಕ್ಲೊಫೆನಾಕ್ ಮತ್ತು ಆ ಜಾತಿಯ ನೋವು ನಿವಾರಕಗಳು. ಕಾರಣ: ಎಸಿಟ್ರಾಮ್, ದುರ್ಬಲ ಮೂತ್ರಪಿಂಡ.
ಕಾಯಿಲೆಗಳು: ಏಟ್ರಿಯಲ್ ಫಿಬ್ರಿಲೇಶನ್, ಸ್ಟ್ರೋಕ್ 2021, ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡ, ಕ್ರಿಯಾಟಿನಿನ್ 1.4 (ಫೆಬ್ರುವರಿ).
ಯಾವಾಗಲೂ ಇರುವ ಸ್ಥಿತಿ: ಬಾಯಿ ಎಡಕ್ಕೆ ಸ್ವಲ್ಪ ಜೋಲು, ಎಡಗೈ ಹಿಡಿತ ಕಡಿಮೆ, ಕೋಲು ಹಿಡಿದು ನಡೆಯುತ್ತಾರೆ. ಪೊರೆ ಆಪರೇಶನ್ ಆದ ಬಲಗಣ್ಣಿನ ಪಾಪೆ ದುಂಡಗಿಲ್ಲ. ನೆನಪು, ಮಾತು ಸರಿ ಇವೆ.
ಬೇರೆ ಮಾತ್ರೆಗಳು: ಗ್ಲಿಮೆಪಿರೈಡ್ 1 + ಮೆಟ್‌ಫಾರ್ಮಿನ್ 500, 1-0-1. ಮೆಟೊಪ್ರೊಲಾಲ್ 50, 1-0-0. ಟೆಲ್ಮಿಸಾರ್ಟನ್ 40 + ಅಮ್ಲೋಡಿಪಿನ್ 5, 1-0-0. ಅಟೋರ್ವಾಸ್ಟಾಟಿನ್ 20, 0-0-1.
ಫೋನು: 1. ಮಗ (ಬೆಂಗಳೂರು). 2. ಮಗಳು (ಶಿವಮೊಗ್ಗ). 3. ನೋಡುವ ವೈದ್ಯರು.

ಇದರಲ್ಲಿ ‘ಯಾವಾಗಲೂ ಇರುವ ಸ್ಥಿತಿ’ ಎಂಬ ಸಾಲನ್ನು ಹೆಚ್ಚಿನ ಕಾರ್ಡುಗಳಲ್ಲಿ ಯಾರೂ ಬರೆಯುವುದಿಲ್ಲ. ಅದರ ಬೆಲೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ.

ಮಾರ್ಚ್ 3ರ ಬೆಳಗಿನ ಜಾವ

5 ಗಂಟೆ ಸುಮಾರಿಗೆ ಅಜ್ಜಿ ಬಚ್ಚಲಿಗೆ ಹೋಗಿ ಬಿದ್ದರು. ತಲೆಯ ಹಿಂಭಾಗ ಗೋಡೆಗೆ ತಾಗಿತ್ತು. ರಕ್ತ ಬಂದಿರಲಿಲ್ಲ, ಬುಗುಟು ಮಾತ್ರ. ಮೈ ಬೆವರಿತ್ತು, ಮಾತು ತೊದಲುತ್ತಿತ್ತು. ಅಜ್ಜ ಪಕ್ಕದ ಮನೆಯವರನ್ನು ಕರೆತಂದರು, ಅವರು 108ಕ್ಕೆ ಫೋನು ಮಾಡಿದರು. ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ಆಂಬುಲೆನ್ಸಿನ ಸಿಬ್ಬಂದಿಯ ಕೈಗೆ ಕೊಟ್ಟವರೂ ಅವರೇ.

ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕಂಡದ್ದು ಜೋಲುವ ಬಾಯಿ, ಶಕ್ತಿಯಿಲ್ಲದ ಎಡಗೈ, ತೊದಲು ಮಾತು. ನೋಡಿದವರಿಗೆ ಹೊಸ ಸ್ಟ್ರೋಕ್ ಎನಿಸುವ ಚಿತ್ರ. ಬಾಯಿ ಮತ್ತು ಕೈ ಹಳೆಯವು, ಮಾತು ಮಾತ್ರ ಹೊಸದು ಎಂದು ಕಾರ್ಡು ಹೇಳುತ್ತಿತ್ತು. ತಲೆಗೆ ಪೆಟ್ಟಾದವರ ಕಣ್ಣಿನ ಪಾಪೆಯನ್ನು ಟಾರ್ಚ್ ಹಾಕಿ ನೋಡುತ್ತಾರೆ. ಎರಡು ಪಾಪೆ ಒಂದೇ ಥರ ಇಲ್ಲದಿದ್ದರೆ ಮೆದುಳಿನ ಮೇಲೆ ಒತ್ತಡ ಬಿದ್ದಿದೆಯೇ ಎಂಬ ಶಂಕೆ ಬರುತ್ತದೆ. ಬಲಗಣ್ಣಿನದು ಆಪರೇಶನ್ನಿನ ಗುರುತೆಂದು ಬರೆದಿತ್ತು.

ಸಕ್ಕರೆ ಮಾತ್ರೆಯ ಹೆಸರು ನೋಡಿ ಬೆರಳು ಚುಚ್ಚಿದರು: 48. ಗ್ಲೂಕೋಸ್ ಕೊಟ್ಟ ಹತ್ತು ನಿಮಿಷಕ್ಕೆ ಮಾತು ಸರಿಹೋಯಿತು. ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಸಾಮಾನ್ಯ. ಅಜ್ಜಿಗೆ ಅವೆರಡೂ ಇರಲಿಲ್ಲ, ಬೆವರು ಮಾತ್ರ ಇತ್ತು. ಮೆಟೊಪ್ರೊಲಾಲ್ ಆ ಲಕ್ಷಣಗಳನ್ನು ಮುಚ್ಚಿಡುತ್ತದೆ, ಬೆವರನ್ನು ಮುಚ್ಚಿಡುವುದಿಲ್ಲ. ಇಲ್ಲಿ ಚೇತರಿಸಿಕೊಂಡರೆಂದು ಮನೆಗೆ ಕಳುಹಿಸಿದ್ದರೆ ಎರಡು ಅಪಾಯ ಹಿಂದೆಯೇ ಬರುತ್ತಿದ್ದವು. ಗ್ಲಿಮೆಪಿರೈಡಿನ ಕೆಲಸ, ಅದರಲ್ಲೂ ಮೂತ್ರಪಿಂಡ ದುರ್ಬಲವಾದವರಲ್ಲಿ, ಗಂಟೆಗಟ್ಟಲೆ ಉಳಿಯುತ್ತದೆ. ಗ್ಲೂಕೋಸ್ ಕರಗಿದ ಮೇಲೆ ಸಕ್ಕರೆ ಮತ್ತೆ ಬೀಳಬಹುದು. ಇನ್ನು ಎಸಿಟ್ರಾಮ್ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಹೊರಗೆ ಗಾಯವಿಲ್ಲದಿದ್ದರೂ, ಎದ್ದು ಕೂತು ಮಾತಾಡುತ್ತಿದ್ದರೂ, ಒಳಗೆ ನಿಧಾನವಾಗಿ ರಕ್ತ ಸೇರುತ್ತಿರಬಹುದು. ಕಾರ್ಡಿನ ಮೊದಲ ಸಾಲು ಓದಿದ ವೈದ್ಯರು ನೋವಿಗೆ ಪ್ಯಾರಸಿಟಮಾಲ್ ಮಾತ್ರ ಕೊಟ್ಟು, ಡ್ರಿಪ್ ಹಾಕಿ, ಸಿ.ಟಿ. ಸ್ಕ್ಯಾನಿಗೆ ಶಿವಮೊಗ್ಗಕ್ಕೆ ಕಳುಹಿಸಿದರು.

ಕಾರ್ಡು ಸೋತ ಕಡೆ

ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಆದರೆ ಐಎನ್‌ಆರ್ 4.6 ಬಂತು, ಕ್ರಿಯಾಟಿನಿನ್ 1.9. ಕಾರ್ಡಿನಲ್ಲಿದ್ದ 2.4 ಮತ್ತು 1.4 ಮೂರು ವಾರ ಹಿಂದಿನವು. ನಡುವೆ ಏನಾಯಿತು ಎಂದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಮಗಳು ಬಂದು ಕೇಳಿದಾಗ ಅಜ್ಜ ಹೇಳಿದರು: ವಾರದ ಹಿಂದೆ ಹೊಟ್ಟೆ ಕೆಟ್ಟಿತ್ತು, ಹತ್ತಿರದ ಕ್ಲಿನಿಕ್ಕಿನಲ್ಲಿ ಐದು ದಿನಕ್ಕೆ ಮಾತ್ರೆ ಕೊಟ್ಟಿದ್ದರು. ಮನೆಯ ಕಸದ ಬುಟ್ಟಿಯಲ್ಲಿ ಖಾಲಿ ಸ್ಟ್ರಿಪ್ಪು ಸಿಕ್ಕಿತು: ಮೆಟ್ರೊನಿಡಜೋಲ್.

ಅಲ್ಲಿಂದ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಂಡಿತು. ಎಸಿಟ್ರಾಮನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವವನ್ನು ಮೆಟ್ರೊನಿಡಜೋಲ್ ತಡೆಯುತ್ತದೆ. ಅದೇ 2 ಮಿಲಿಗ್ರಾಂ ಮಾತ್ರೆ ಹೆಚ್ಚು ಪ್ರಮಾಣದಂತೆ ಕೆಲಸ ಮಾಡಿ ಐಎನ್‌ಆರ್ ಏರಿತು. ಭೇದಿಯಿಂದ ಮೈಯ ನೀರು ಕಡಿಮೆಯಾಗಿ ಮೂತ್ರಪಿಂಡ ಇನ್ನಷ್ಟು ಕುಗ್ಗಿತು. ರಾತ್ರಿ ಎರಡು ತುತ್ತು ಗಂಜಿ ಕುಡಿದು, ಸಕ್ಕರೆ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದರಿಂದ ಬೆಳಗಿನ ಜಾವಕ್ಕೆ ಸಕ್ಕರೆ ಬಿತ್ತು. ವೈದ್ಯರು ಎರಡು ದಿನ ಎಸಿಟ್ರಾಮ್ ನಿಲ್ಲಿಸಿ, ಐಎನ್‌ಆರ್ ಮತ್ತೆ ನೋಡಿ ಮುಂದುವರಿಸಿದರು, ರಾತ್ರಿಯ ಗ್ಲಿಮೆಪಿರೈಡನ್ನು ತೆಗೆದರು.

ಆ ಕ್ಲಿನಿಕ್ಕಿಗೆ ಅಜ್ಜ ಅಜ್ಜಿ ಕಾರ್ಡು ಒಯ್ದಿರಲಿಲ್ಲ. ಅದು ತುರ್ತು ಹೊತ್ತಿಗೆ ಎಂದೇ ಅವರ ತಿಳಿವಳಿಕೆ. ಹೊಟ್ಟೆನೋವಿಗೆ ಹೋದಾಗಲೂ, ಹಲ್ಲು ಕೀಳಿಸಲು ಹೋದಾಗಲೂ, ಮೆಡಿಕಲ್ ಶಾಪಿನ ಕೌಂಟರಿನಲ್ಲೂ ತೋರಿಸಬೇಕಾದ ಹಾಳೆ ಅದು. ಅಂದು ತೋರಿಸಿದ್ದರೆ ಬೇರೆ ಮಾತ್ರೆ ಬರೆಯುತ್ತಿದ್ದರೇನೋ, ಅಥವಾ ಮೂರನೇ ದಿನಕ್ಕೆ ಐಎನ್‌ಆರ್ ಮಾಡಿಸಿ ಎನ್ನುತ್ತಿದ್ದರೇನೋ.

ಎರಡನೇ ಸೋಲು ಫೋನಿನದು. ಮೊದಲ ನಂಬರು ಮಗನದು. ರಾತ್ರಿ ಸೈಲೆಂಟಿಗೆ ಹಾಕಿ ಮಲಗಿದ್ದ. ಅಮ್ಮನ ನಂಬರಿಗೆ ಮಾತ್ರ ಸದ್ದಾಗುವ ಹಾಗೆ ಇಟ್ಟುಕೊಂಡಿದ್ದ, ಆದರೆ ಕರೆ ಬಂದದ್ದು ಆಂಬುಲೆನ್ಸಿನವರ ಅಪರಿಚಿತ ನಂಬರಿನಿಂದ. ಮಗಳ ಫೋನು ಎತ್ತುವ ಹೊತ್ತಿಗೆ ಆಂಬುಲೆನ್ಸು ಆಸ್ಪತ್ರೆ ತಲುಪಿತ್ತು.

ಮೂರನೇ ಕಾರ್ಡು

ಫೋನಿನ ಸಾಲುಗಳ ಕ್ರಮ ಬದಲಾಯಿತು. ಮೊದಲು ಮನೆಯ ಬೀಗದ ಕೈ ಇರುವ, ಐದು ನಿಮಿಷದಲ್ಲಿ ಬರಬಲ್ಲ ಪಕ್ಕದ ಮನೆಯವರು. ಎರಡನೆಯದು ಆಸ್ಪತ್ರೆಗೆ ಬಂದು ಸಹಿ ಮಾಡಬಲ್ಲ, ಔಷಧಗಳ ವಿವರ ಬಲ್ಲ ಮಗಳು. ಮಗ ಮೂರನೆಯವನಾದ. ಕೆಳಗೆ ಒಂದು ಸಾಲು ಸೇರಿತು: ‘ಎತ್ತದಿದ್ದರೆ ತಕ್ಷಣ ಇನ್ನೊಮ್ಮೆ ಮಾಡಿ.’ ಒಂದೇ ನಂಬರಿನಿಂದ ಬೆನ್ನುಬೆನ್ನಿಗೆ ಎರಡನೇ ಕರೆ ಬಂದರೆ ಸದ್ದು ಮಾಡುವ ವ್ಯವಸ್ಥೆ ಸ್ಮಾರ್ಟ್‌ಫೋನುಗಳ ‘ಡು ನಾಟ್ ಡಿಸ್ಟರ್ಬ್’ ಸೆಟ್ಟಿಂಗಿನಲ್ಲಿದೆ. ಮಕ್ಕಳಿಬ್ಬರೂ ಅದನ್ನು ಆನ್ ಮಾಡಿ, ಪಕ್ಕದ ಮನೆಯ ಫೋನಿನಿಂದ ಎರಡು ಸಲ ಕರೆ ಮಾಡಿಸಿ ನೋಡಿದರು.

ಬದಲಾಗುವ ಸಂಗತಿಗಳಿಗೆ ಹಾಳೆಯ ಕೆಳಗಿನ ಕಾಲುಭಾಗವನ್ನು ಬಿಟ್ಟು, ಗೆರೆ ಹಾಕಿ, ಪೆನ್ಸಿಲಿನಲ್ಲಿ ಬರೆಯುವ ಹಾಗೆ ಮಾಡಿದರು. ಅಲ್ಲಿ ಎರಡೇ ಶೀರ್ಷಿಕೆ: ‘ಕೊನೆಯ ಐಎನ್‌ಆರ್, ತಾರೀಖು’ ಮತ್ತು ‘ಕಳೆದ 2 ವಾರದಲ್ಲಿ ಹೊಸ ಮಾತ್ರೆ ಅಥವಾ ಕಾಯಿಲೆ’. ಎರಡನೆಯದರಲ್ಲಿ ಏನೂ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆದು ತಾರೀಖು ಹಾಕುವುದು ಅಜ್ಜನ ಕೆಲಸ, ಪ್ರತಿ ಭಾನುವಾರ, ವಾರದ ಮಾತ್ರೆಯ ಡಬ್ಬಿ ತುಂಬುವಾಗ.

ಈ ಸಲ ಲ್ಯಾಮಿನೇಶನ್ ಮಾಡಿಸಲಿಲ್ಲ. ಲ್ಯಾಮಿನೇಶನ್ ಆದ ಕಾರ್ಡಿನಲ್ಲಿ ತಿದ್ದಲು ಆಗುವುದಿಲ್ಲ, ತಿದ್ದಲಾಗದ ಕಾರ್ಡು ಕೆಲವೇ ತಿಂಗಳಲ್ಲಿ ಸುಳ್ಳು ಹೇಳತೊಡಗುತ್ತದೆ. ಒಂದು ಬದಿ ತೆರೆದ ಪ್ಲಾಸ್ಟಿಕ್ ಕವರು ಸಾಕು. ಈಸಿಜಿಯ ಥರ್ಮಲ್ ಕಾಗದವನ್ನಂತೂ ಲ್ಯಾಮಿನೇಶನ್ನಿಗೆ ಕೊಡಲೇಬಾರದು, ಶಾಖಕ್ಕೆ ಇಡೀ ಕಾಗದ ಕಪ್ಪಾಗುತ್ತದೆ. ಅದರ ಜೆರಾಕ್ಸ್ ತೆಗೆದಿಡಬೇಕು.

ಪ್ರತಿಗಳು ಮೂರು: ಫ್ರಿಜ್ ಬಾಗಿಲ ಮೇಲೆ, ಅಜ್ಜಿಯ ಪರ್ಸಿನಲ್ಲಿ, ಮಗಳ ಫೋನಿನಲ್ಲಿ ಫೋಟೊ. ಇನ್ನೂ ಹೆಚ್ಚು ಮಾಡಿದರೆ ಎಲ್ಲೋ ಒಂದು ಹಳೆಯದು ಉಳಿದುಬಿಡುತ್ತದೆ, ಎರಡು ಕಾರ್ಡು ಎರಡು ಥರ ಹೇಳಿದರೆ ವೈದ್ಯರು ಯಾವುದನ್ನೂ ನಂಬಲಾರರು. ಅಜ್ಜಿಯ ಮೊಬೈಲಿನ ಲಾಕ್ ಸ್ಕ್ರೀನಿನಲ್ಲಿ ಕಾಣುವ ತುರ್ತು ಮಾಹಿತಿಯಲ್ಲಿ ಎಸಿಟ್ರಾಮ್, ಕೋಟ್ರೈಮಾಕ್ಸಜೋಲ್ ಮತ್ತು ಎರಡು ಫೋನ್ ನಂಬರು ಇಷ್ಟನ್ನೇ ತುಂಬಿದರು. ಆಧಾರ್ ಸಂಖ್ಯೆಯನ್ನು ಯಾವ ಪ್ರತಿಯಲ್ಲೂ ಬರೆಯಲಿಲ್ಲ. ಫ್ರಿಜ್ ಬಾಗಿಲ ಹಾಳೆಯನ್ನು ಮನೆಗೆ ಬಂದವರೆಲ್ಲ ಓದುತ್ತಾರೆ.

ಮೇ ತಿಂಗಳಲ್ಲಿ ಅಜ್ಜಿಗೆ ಹಲ್ಲುನೋವು ಬಂತು. ದಂತ ವೈದ್ಯರು ಪರ್ಸಿನಿಂದ ತೆಗೆದುಕೊಟ್ಟ ಹಾಳೆಯನ್ನು ಓದಿ, ಹಲ್ಲು ಕೀಳುವ ಮುಂಚೆ ಐಎನ್‌ಆರ್ ಮಾಡಿಸಿಕೊಂಡು ಬರಲು ಹೇಳಿದರು. ಪೆನ್ಸಿಲಿನ ಗೆರೆಯಲ್ಲಿ ಅಂದು ಹೊಸ ಅಂಕಿ ಬಿತ್ತು: 2.7.